ಅಂಗಡಿಯ ಯುಗಾದಿ ಶುಭಾಶಯ

ಮಾರ್ಚ್ ೧೮, ಬುಧವಾರ

ನಾಳೆ ಯುಗಾದಿ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಮ್ಮ ದಿನಸಿ ಅಂಗಡಿಯ ಶುಭಾಶಯವನ್ನು ನಾನೇ ಬರೆಯಬೇಕಾಯಿತು: "ಬೇವು ಬೆಲ್ಲದಂತೆ ಕಹಿ ಸಿಹಿ ಎರಡನ್ನೂ ಸ್ವೀಕರಿಸೋಣ. ಬೇವಿನ ಹೂ, ಹೊಸ ಬೆಲ್ಲ ಸಿಗುತ್ತವೆ. ಅಂಗಡಿ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ."

ಗಿರಾಕಿಗಳಿಗೆ ಕಳಿಸುವ ಮೊದಲು ಅತ್ತೆಗೆ ಓದಿ ಹೇಳಿದೆ. ವರ್ಷ ತುಂಬುವವರೆಗೆ ನಮಗೆ ಹಬ್ಬವಿಲ್ಲ; ಬೈಯುತ್ತಾರೆಂದುಕೊಂಡಿದ್ದೆ.

ಅತ್ತೆ, "ಐದಕ್ಕೇ ತೆಗಿಯಮ್ಮ. ಸ್ನಾನ ಮಾಡಿ ಪೂಜೆಗೆ ಕೂರೋವಾಗಲೇ ಬೇವು ತಂದಿಲ್ಲ ಅಂತ ಜನಕ್ಕೆ ನೆನಪಾಗೋದು. ಅವನು ಐದಕ್ಕೇ ತೆಗೀತಿದ್ದ," ಎಂದರು.

ಏಳನ್ನು ಅಳಿಸಿ ಐದು ಮಾಡಿ ಕಳಿಸಿದೆ. ಅತ್ತೆ ಹೂ ಬಿಡಿಸಿ, ಬೆಲ್ಲ ಕುಟ್ಟಿ ಪೊಟ್ಟಣ ಕಟ್ಟಿದರು. ಒಂದು ಚೂರನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ನಾಳೆ ಯಾರಾದರೂ ಮರೆತು "ನಿಮಗೂ ಶುಭಾಶಯ" ಎಂದುಬಿಟ್ಟರೆ, ಅತ್ತೆಯ ಎದುರಿಗೆ ನಾನು ಏನೆಂದು ಉತ್ತರಿಸಲಿ?