ಅರ್ಜಿಯ ಕೆಳಗಿನ ನಂಬರ್

ಜೂನ್ 3, ಮಂಗಳವಾರ. ಹೊಸಕೋಟೆ

ಹಾಲು ಉಕ್ಕಿತು. "ಕಣ್ಣೆಲ್ಲಿ ಇಟ್ಟಿದ್ದೀಯಮ್ಮ?" ಅತ್ತೆ ಬೈದರು. ಕಣ್ಣು ಗೇಟಿನ ಮೇಲಿತ್ತು. ಪೇದೆ ನಿಂತಿದ್ದ, ಕೈಯಲ್ಲಿ ಸಮನ್ಸ್. ತೂಬಗೆರೆ ಗಂಗಣ್ಣನವರ ಮಗಳು ಅರ್ಪಿತ, ದೊಡ್ಡಬಳ್ಳಾಪುರ ಸೆಷನ್ಸ್ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು. "ಅವಳು ನಮ್ಮಕ್ಕ. ಇಲ್ಲಿಲ್ಲ. ಎಲ್ಲಿದ್ದಾಳೋ ಗೊತ್ತಿಲ್ಲ" ಎಂದೆ. ಹಾಗೇ ಬರೆದುಕೊಂಡು ಹೋದ. ಮಾರ್ಚ್‌ನಲ್ಲಿ ಬಂದವನಿಗೂ ಇದೇ ಸುಳ್ಳು. ಅರ್ಪಿತ ನಾನೇ.

ಕೊಲೆಯಾದವನು ನನ್ನ ಸ್ವಂತ ಅಣ್ಣ, ಕೆಂಪರಾಜ್. ನಾಚಿಕೆಯಾಗುತ್ತದೆ.

ಜೂನ್ 15, ಭಾನುವಾರ

ಅಪ್ಪ ಬಂದಿದ್ದರು. ಚೀಲದ ತುಂಬಾ ಅವರೆಕಾಳು. ಅತ್ತೆ ದೇವಸ್ಥಾನಕ್ಕೆ ಹೋದ ಮೇಲೆ ಹತ್ತಿರ ಕೂತರು.

"ಪಬ್ಲಿಕ್ ಪ್ರಾಸಿಕ್ಯೂಟರ್ ಮೇಡಂಗೆ ಒಂದು ಅರ್ಜಿ ಟೈಪ್ ಮಾಡ್ಕೊಡು ಮಗ. ಹೋದಾಗ್ಲೆಲ್ಲ ಮುಂದಿನ ಡೇಟು ಅಂತಾರೆ."

ಹೇಳುತ್ತಾ ಹೋದರು, ನಾನು ಫೋನಿನಲ್ಲಿ ಬರೆದೆ. ಕೇಸ್ ನಂಬರ್. ದೋಷಾರೋಪ ಹೊರಿಸಿ ಮೂರು ವರ್ಷ. ಆರೋಪಿ ಜಯಕುಮಾರ ಬೇಲ್ ಮೇಲೆ ಹೊರಗಿದ್ದಾನೆ. ತಂದೆಯಾದ ನನ್ನ ಸಾಕ್ಷಿ, ಮಹಜರಿನ ಪಂಚರದು, ಡಾಕ್ಟರದು ಮುಗಿದಿದೆ. ವಿಚಾರಣೆ ಏಕೆ ನಿಂತಿದೆ, ದಯವಿಟ್ಟು ತಿಳಿಸಿ...

ಆಮೇಲೆ — "ನನ್ನ ಮಗಳು ಸಾಕ್ಷಿ ಹೇಳಕ್ಕೆ ಸಿದ್ಧವಾಗವ್ಳೆ, ಅವಳಿಗ್ಯಾಕೆ ಸಮನ್ಸ್ ಕಳಿಸ್ತಿಲ್ಲ ಅಂತ ಹಾಕು."

ಹಾಕಿದೆ. ಒಂದಕ್ಷರ ತಪ್ಪಿಲ್ಲದೆ.

"ನಿನ್ ಮೊಬೈಲ್ ನಂಬರೂ ಹಾಕು." ಹಾಕಿದೆ. ಕೊನೆಯ ನಾಲ್ಕನ್ನು ಏಳು ಮಾಡಿ. ಪ್ರಿಂಟ್ ತೆಗೆಸಿಕೊಂಡು ಬಂದು ಸಹಿ ಮಾಡುವಾಗ ಅಪ್ಪ ಬೆರಳಿಟ್ಟು ಓದಿದರು. "ಕೊನೇದು ನಾಲ್ಕಲ್ವೇನಮ್ಮ?" ಅವರೇ ಪೆನ್ನಿನಿಂದ ತಿದ್ದಿದರು. ನನ್ನ ನಂಬರ್ ಅವರಿಗೆ ಬಾಯಿಪಾಠ. ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಜೂನ್ 24, ಮಂಗಳವಾರ

ಪ್ರಾಸಿಕ್ಯೂಟರ್ ಮೇಡಂ ಫೋನ್. ಟೆರೇಸಿಗೆ ಹೋಗಿ ಮಾತಾಡಿದೆ.

"ಅರ್ಪಿತ ಅವ್ರೇ, ನೀವು ರೆಡಿ ಅಂತ ನಿಮ್ಮ ತಂದೆ ಬರ್ದಿದ್ದಾರೆ. ಸಮನ್ಸ್ ಎರಡು ಸಲ ವಾಪಸ್ ಬಂದಿದೆಯಲ್ಲಾ? ನಿಮ್ಮ ಸಾಕ್ಷಿಗೇ ಕಾಯ್ತಿರೋದು."

ಟೆರೇಸಿನ ಬಾಗಿಲು ಎಳೆದುಕೊಂಡೆ. ವಾಪಸ್ ಕಳಿಸಿದ್ದು ನಾನೇ ಎಂದು ಅವರಿಗೆ ಅರ್ಥವಾಯಿತು ಅನಿಸುತ್ತದೆ.

"ಕೊಲೆ ಕಣ್ಣಾರೆ ಕಂಡವ್ರು ಯಾರೂ ಇಲ್ಲ. ನಿಮ್ಮಣ್ಣ ಅವತ್ತು ಯಾರ ಹತ್ರ, ಯಾಕೆ ಹೋದ ಅಂತ ಹೇಳೋವ್ರು ನೀವೊಬ್ರೇ. ಜುಲೈ ಹತ್ತು ಕೊನೇ ಅವಕಾಶ ಅಂದಿದ್ದಾರೆ ಜಡ್ಜ್. ಬರದೇ ಇದ್ರೆ ನಿಮ್ಮನ್ನ ಬಿಟ್ಟು ಸಾಕ್ಷ್ಯ ಮುಗಿಸ್ತಾರೆ. ಅವನು ಬಿಡುಗಡೆ ಆಗೋ ಚಾನ್ಸೇ ಜಾಸ್ತಿ."

"ಅವನ ಹತ್ರ ನನ್ನ ಫೋಟೋ ಇವೆ. ಅದನ್ನೂ ಕೇಳ್ತಾರಾ ಮೇಡಂ?"

"ಪಾಟೀಸವಾಲಲ್ಲಿ ಕೇಳ್ತಾರೆ. ಅಸಹ್ಯವಾಗಿ ಕೇಳಿದ್ರೆ ಎದ್ದು ಆಕ್ಷೇಪಣೆ ಮಾಡ್ತೀನಿ. ಕೇಳೋದೇ ಇಲ್ಲ ಅಂತ ಸುಳ್ಳು ಹೇಳಲ್ಲ."

ಜಯಕುಮಾರನನ್ನು ಒಂದು ವರ್ಷ ಪ್ರೀತಿಸಿದ್ದೆ. ಬಿಟ್ಟ ಮೇಲೆ ಫೋಟೋ ತೋರಿಸಿ ಹೆದರಿಸಿದ. ಅದನ್ನು ಕೇಳಲು ಹೋದ ಅಣ್ಣ ವಾಪಸ್ ಬರಲಿಲ್ಲ. ಪೊಲೀಸರಿಗೆ "ಸುಮ್ಮನೆ ಕಾಟ ಕೊಡುತ್ತಿದ್ದ" ಎಂದಷ್ಟೇ ಹೇಳಿದೆ. ಅಪ್ಪನಿಗೆ ಗೊತ್ತಿರುವುದೂ ಅಷ್ಟೇ. ಈ ಮನೆಯವರಿಗೆ, ಕುಡಿದು ಜಗಳವಾಗಿ ಸತ್ತ ಅಣ್ಣ.

ಜುಲೈ 6, ಭಾನುವಾರ

ಅಪ್ಪನ ಫೋನ್. ಮೇಡಂ ಅಪ್ಪನನ್ನು ಕರೆಸಿ ಸಮನ್ಸ್ ಹಿಂದೆ ಪೇದೆ ಬರೆದ ಷರಾ ಓದಿ ಹೇಳಿದ್ದಾರೆ. ಬೈಯಲಿ ಎಂದು ಕಾದೆ.

"ನಿಂಗೆ ಅಕ್ಕ ಇಲ್ಲ ಅಂತ ನಾನವ್ರಿಗೆ ಹೇಳ್ಲಿಲ್ಲ ಕಣಮ್ಮ" ಅಂದರು. ಆಮೇಲೆ "ರಾಗಿ ಬಿತ್ತನೆಗೆ ಹದ ಆಗೈತೆ" ಅಂದು ಫೋನ್ ಇಟ್ಟರು.

ಬೈದಿದ್ದರೆ ಚೆನ್ನಾಗಿತ್ತು.

ಜುಲೈ 9, ಬುಧವಾರ

ಗಂಡ ವೇಣುಗೆ ಎಲ್ಲಾ ಹೇಳಿದೆ. ಪ್ರೀತಿ, ಫೋಟೋ, ಸಮನ್ಸ್, ಸುಳ್ಳು. ಊಟದ ತಟ್ಟೆ ಮುಂದೆ ಕೂತೇ ಕೇಳಿಸಿಕೊಂಡ. "ಮದ್ವೆಗೆ ಮುಂಚೆ ಹೇಳ್ಬೋದಿತ್ತಲ್ಲ" ಅಂದ. ಹೌದು. ಹೇಳಬಹುದಿತ್ತು. ಕೈ ತೊಳೆದು ಹೊರಗೆ ಹೋದ. ನಾಳೆ ಬೆಳಿಗ್ಗೆ ಕೋರ್ಟಿಗೆ ಹೋಗುವ ಬಸ್ಸಿಗೆ ನಾನೊಬ್ಬಳೇ.

ಜುಲೈ 10, ಗುರುವಾರ. ಮಧ್ಯಾಹ್ನ. ಕೋರ್ಟಿನ ವರಾಂಡ

ಮೇಡಂ ಕೇಳುವ ಪ್ರಶ್ನೆಗಳು ಮುಗಿದವು. ಊಟದ ಬಿಡುವಿನ ನಂತರ ಆರೋಪಿ ಲಾಯರ್ ಸರದಿ. ಪ್ರೀತಿಸಿದ್ದು ಹೇಳಿದೆ. ಪೊಲೀಸರಿಗೆ ಏಕೆ ಹೇಳಲಿಲ್ಲ ಎಂದು ಹರಿದು ಹಾಕುತ್ತಾರಂತೆ. ಹಾಕಲಿ. ಜಯಕುಮಾರ ಕಟಕಟೆಯಿಂದ ನೋಡುತ್ತಲೇ ಇದ್ದ. ತಮ್ಮ ಸಾಕ್ಷಿ ಮುಗಿದಿರುವುದರಿಂದ ಅಪ್ಪ ಒಳಗೇ ಕೂತಿದ್ದರು, ಹಿಂದಿನ ಬೆಂಚಿನಲ್ಲಿ. "ಪ್ರೀತಿ" ಅಂದಾಗ ತಲೆ ತಗ್ಗಿಸಿದವರು ಮತ್ತೆ ಎತ್ತಲಿಲ್ಲ.

ಈಗ ಪಕ್ಕದಲ್ಲೇ ಇದ್ದಾರೆ. ಚಿತ್ರಾನ್ನದ ಪೊಟ್ಟಣ ಬಿಚ್ಚಿಟ್ಟು, "ತಿನ್ನು ಮಗ, ಇನ್ನೂ ನಿಂತ್ಕೋಬೇಕು ನೀನು" ಅಂದರು.

ಒಂದು ಮಾತು ಯಾರೂ ಕೇಳಿಲ್ಲ. ಅವತ್ತು ಅಣ್ಣ ಜಯಕುಮಾರನ ಹತ್ತಿರ ಹೊರಟಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು. "ಹೋಗಿ ನಾಲ್ಕು ಬಾರಿಸಿ ಬರ್ಲಿ ಬಿಡಪ್ಪ" ಅಂದವಳು ನಾನು. ಅಪ್ಪ ಪಕ್ಕಕ್ಕೆ ಸರಿದರು. ತಮ್ಮ ಸಾಕ್ಷಿಯಲ್ಲಿ ಅಪ್ಪ, ಅಣ್ಣ ಹೊರಟಾಗ ತಾವಲ್ಲಿದ್ದುದನ್ನೇ ಹೇಳಿಲ್ಲ. ಇವತ್ತು ನಾನು ಹೇಳಬೇಕು, ಕೇಳದಿದ್ದರೂ. ಈಗಲೇ ಅಪ್ಪನಿಗೆ —

ಕೂಗುತ್ತಿದ್ದಾರೆ. ನನ್ನ ಹೆಸರು