ಸೌದಾದ್‌ಗೆ ಒಂದು ಕನ್ನಡ ಪದ ಬೇಕಾಗಿದೆ

ತೇಲೂರು
ಇಸವಿ ೨೩೧೨, ಹದಿಮೂರನೆಯ ತಿಂಗಳ ಎರಡನೆಯ ದಿನ

ಇಪ್ಪತ್ತೊಂದನೆಯ ಶತಮಾನದ ನಮ್ಮ ಹಿರಿಯರಿಗೆ ಮಾಸ್ತಮ್ಮನ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಂದೊಡನೆ ಹುಬ್ಬೇರಿಸಬೇಡಿ. ತಿಂಗಳಿಗೆ ಇಪ್ಪತ್ತೆಂಟೇ ದಿನ ಎಂದು ಮಾಡಿಕೊಂಡ ಮೇಲೆ ಉಳಿದ ದಿನಗಳಿಗೂ ಒಂದು ಗೂಡು ಬೇಕಾಯಿತು. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ತಿದ್ದಲು ಪುರುಸೊತ್ತಿಲ್ಲ. ಹಡಗು ಕಟ್ಟೆಗೆ ಬಂದು ನಿಂತಿದೆ, ನಾಳೆ ಬೆಳಿಗ್ಗೆ ನನ್ನ ಸೊಸೆಯನ್ನು ಹತ್ತಿಸಿಕೊಂಡು ಹೋಗುತ್ತದೆ. ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ನಮ್ಮ ಅಂಚೆ, ಅಷ್ಟರೊಳಗೆ ನಿಮ್ಮನ್ನು ತಲುಪಬೇಕು.

ಕಾರವಾರದ ದಂಡೆಯನ್ನು ಕಡಲು ನುಂಗಿದ ಮೇಲೆ ನೀರಿನ ಮೇಲೆಯೇ ತೇಲುವಂತೆ ಕಟ್ಟಿಕೊಂಡ ಊರು ನಮ್ಮದು. ಬೆಳಿಗ್ಗೆ ಎದ್ದು ಮೊದಲು ಮನೆಯ ಹಗ್ಗಗಳನ್ನು ಬಿಗಿ ಮಾಡುತ್ತೇವೆ, ಆಮೇಲೆ ಚಹಾ. ನಾನಾ ದೇಶದವರು ಸೇರಿರುವುದರಿಂದ ಎಲ್ಲರ ಕಿವಿಯಲ್ಲೂ ಕಿವಿಬುಗುಡಿ ಇದೆ. ಪರಭಾಷೆಯನ್ನು ಅದು ಕೇಳಿದ ಕೂಡಲೇ ನಮ್ಮ ಭಾಷೆಗೆ ಮಾಡಿ ಹೇಳುತ್ತದೆ. ಮಗ ಜಟ್ಟಪ್ಪ ಮದುವೆಯಾಗಿ ತಂದ ಇನೇಸ್, ಪೋರ್ಚುಗೀಸ್ ಆಡುವ ಅಸೋರೆಸ್ ದ್ವೀಪದವಳು. ಮೊದಲ ವರ್ಷ ನಮ್ಮಿಬ್ಬರಿಗೂ ಎಣ್ಣೆ ಸೀಗೇಕಾಯಿ. ಈಗ ಅವಳಿಲ್ಲದೆ ನನಗೆ ಊಟ ಸೇರುವುದಿಲ್ಲ, ಹೇಳಿಬಿಟ್ಟೆ!

ಇನೇಸ್ ವಾರಕ್ಕೊಮ್ಮೆ ತನ್ನ ಅಮ್ಮನ ಕೈರುಚಿಯ ಸಿಹಿ ಬ್ರೆಡ್ ಸುಡುತ್ತಾಳೆ. ಒಂದು ತುಂಡು ಬಾಯಿಗಿಟ್ಟು, ಕಣ್ಣು ಒದ್ದೆ ಮಾಡಿಕೊಂಡು, ನಗುತ್ತ "ಸೌದಾದ್" ಎನ್ನುತ್ತಾಳೆ. ಬುಗುಡಿ ಅದನ್ನು "ಹಂಬಲ" ಎನ್ನುತ್ತದೆ. ಇಲ್ಲೇ ಎಡವಟ್ಟಾದದ್ದು. ಹಿಂದೆ ತವರಿನ ಚಿಂತೆಯಲ್ಲೇ ಸೊರಗಿ ಸತ್ತವರಿದ್ದರು, ಅದಕ್ಕಾಗಿ ಊರು ಒಂದು ಕಟ್ಟಳೆ ಮಾಡಿತು: ತವರಿಗಾಗಿ ಹಂಬಲಿಸುವವರನ್ನು ಬುಗುಡಿ ಗುರುತಿಸಿದರೆ ಮುಂದಿನ ಹಡಗಿನಲ್ಲಿ ಅವರನ್ನು ಕಳಿಸಿಕೊಡುವುದು. ಹೋದವರಿಗೆ ಹನ್ನೆರಡು ವರ್ಷ ಮರಳಿ ಬರಲು ಹಡಗಿಲ್ಲ. ಇದು ಊರಿನ ದೊಡ್ಡ ಉಪಕಾರವಂತೆ! ಬುಗುಡಿಯ ಮಾತು ನಂಬಿ ಇನೇಸಳ ಹೆಸರನ್ನೂ ಹಡಗಿನ ಪಟ್ಟಿಗೆ ಸೇರಿಸಿದರು.

ನಾನು ಕಟ್ಟೆಯ ಅಧಿಕಾರಿಯ ಬಳಿ ಹೋಗಿ ಕೂಗಾಡಿದೆ. ಪಾಪ, ಆತನೂ ಒಳ್ಳೆಯವನೇ. "ನಂಗೆ ಹಂಬಲ ಇಲ್ಲ ಅಂತ ಅವ್ಳು ಒಂದ್ ಮಾತು ಹೇಳ್ಲಿ ಮಾಸ್ತಮ್ಮ, ಈಗ್ಲೇ ಹೆಸ್ರು ಹೊಡ್ದಾಕ್ತೆ" ಎಂದ. ಇನೇಸ್ ಹೇಳಲೊಲ್ಲಳು. ಬುಗುಡಿ ತೆಗೆದಿಟ್ಟು, ತನ್ನ ಹರಕುಮುರುಕು ಕನ್ನಡದಲ್ಲೇ, "ಇಲ್ಲ ಅಂದ್ರೆ ಅಮ್ಮನೇ ಇಲ್ಲ ಅಂದ ಹಾಗೆ ಅತ್ತೆ. ನಾ ಹೇಳೂದಿಲ್ಲ. ಇದೆ. ಆದ್ರೂ ನಾ ಇಲ್ಲೇ ಇರ್ತೆ" ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಹಾಗಾದರೆ ಬೇರೆ ಪದ ಹುಡುಕೋಣ ಎಂದು ಇಬ್ಬರೂ ಮೀನು ಒಣಗಿಸುತ್ತ ಕುಳಿತೆವು. ಹಂಬಲಕ್ಕೆ ಸಿಕ್ಕೇ ತೀರಬೇಕೆಂಬ ಹಟವಿದೆ, ಅದು ಮುಂದಕ್ಕೆ ಓಡುತ್ತದೆ. ಹಳಹಳಿಕೆ ಹಿಂದಕ್ಕೆ ತಿರುಗಿ ಅಯ್ಯೋ ಎನ್ನುತ್ತದೆ, ಇವಳಿಗೆ ಪಶ್ಚಾತ್ತಾಪವೇನೂ ಇಲ್ಲ. ವಿರಹ ಎಂದರೆ ಗಂಡಹೆಂಡಿರದ್ದು, ಪ್ರೇಮಿಗಳದ್ದು. ಅಮ್ಮನಿಗೆ, ಬ್ರೆಡ್ಡಿಗೆ, ಬೀದಿಗೆ ಅದು ಒಗ್ಗದು. ಕೊರಗು ಒಳಗೊಳಗೇ ತಿನ್ನುತ್ತದೆ, ಸಿಹಿಯೇ ಇಲ್ಲ. ಬರೀ ನೆನಪು ಎಂದರೆ ನೋವೇ ಇಲ್ಲದೆಯೂ ಇರಬಹುದು. "ನೆನಪು ಕಾಡುತ್ತದೆ", "ಮನೆ ಬಿಕೋ ಎನ್ನುತ್ತದೆ" ಎಂದಾಗ ಅವಳು ಕೈ ನಿಲ್ಲಿಸಿ ಹತ್ತಿರ ಬಂತು ಎಂದಳು. ಆದರೆ ಅವಳ ಜನ ಸೌದಾದನ್ನು ಕಾಟವೆಂದು ದೂರುವುದಿಲ್ಲ. ಅದು ತಮ್ಮ ಹತ್ತಿರ "ಇದೆ" ಎನ್ನುತ್ತಾರೆ, ತಾವು ಅದರ "ಜೊತೆಗಿದ್ದೇವೆ" ಎನ್ನುತ್ತಾರೆ. ಹೋದವರು ಅದನ್ನು ಹಿಂದೆ ಬಿಟ್ಟುಹೋಗುತ್ತಾರೆ. ಪ್ರೀತಿಯವರನ್ನು ಕಂಡಾಗ, ಊರಿನ ತಿಂಡಿ ತಿಂದಾಗ ಅದನ್ನು "ಕೊಲ್ಲುತ್ತಾರೆ". ಮರುವಾರ ಅದು ಮತ್ತೆ ಎದ್ದು ಬರುತ್ತದೆ, ಬಂದರೆ ಬೇಸರವೂ ಇಲ್ಲ.

ಕೊನೆಗೆ ಅಕ್ಕರೆಯನ್ನೂ ಕೊರಗನ್ನೂ ಕೂಡಿಸಿ "ಅಕ್ಕರೆಗೊರಗು" ಎಂದೆ. ಇನೇಸ್ ಎರಡು ಸಲ ಹೇಳಿ ನೋಡಿ, ಮೀನಿನ ಕೈಯಲ್ಲೇ ನನ್ನ ಕೆನ್ನೆ ಹಿಡಿದುಕೊಂಡಳು.

ಬುಗುಡಿ ಮಾತ್ರ ಒಪ್ಪಲಿಲ್ಲ, ದರಿದ್ರದ್ದು. ಹಳಬರು ಬಳಸಿದ ಪದವನ್ನಷ್ಟೇ ಅದು ನಂಬುತ್ತದೆ. ನಾನೊಬ್ಬಳು ಬರೆದರೆ ಸಾಲದು, ಜನ ಆಡಿರಬೇಕು.

ಅದಕ್ಕೇ ನಿಮ್ಮಲ್ಲಿ ಕೈ ಮುಗಿದು ಕೇಳುತ್ತಿದ್ದೇನೆ. ಮಗಳಿಗೆ ಫೋನು ಮಾಡುವಾಗ ಆಡಿ, ಸತ್ತವರ ಪಟ ಒರೆಸುವಾಗ ಆಡಿ, ನಾಲ್ಕು ಜನ ಕೇಳುವಂತೆ ಆಡಿ. ಈ ಪದ ಹಿಡಿಸದಿದ್ದರೆ ಇನ್ನೊಂದು ಕಟ್ಟಿ, ಆದರೆ ಅದರಲ್ಲಿ ಸಿಹಿಯನ್ನು ಬಿಡಬೇಡಿ. ಬೇಗ ಮಾಡಿ. ಆಚೆ ಕೋಣೆಯಲ್ಲಿ ಇನೇಸ್ ಪೆಟ್ಟಿಗೆ ತುಂಬುತ್ತಿದ್ದಾಳೆ, ನಾನು ಬರೆಯುವ ನಡುನಡುವೆ ಎದ್ದು ಹೋಗಿ ಒಂದೊಂದೇ ಸೀರೆಯನ್ನು ಹೊರಗೆ ತೆಗೆದಿಡುತ್ತಿದ್ದೇನೆ. ಬ್ರೆಡ್ಡಿಗೆ ಹಿಟ್ಟು ಎಷ್ಟು ನಾದಬೇಕೆಂದು ಅವಳು ಈಗ ತಾನೇ ನನಗೆ ಕಲಿಸಿದಳು. ಕಲಿಯಲು ನನಗೆ ಇಷ್ಟವಿರಲಿಲ್ಲ.