ಅಪ್ಪನ ಗಡ್ಡ

ಕೊಳ್ಳೇಗಾಲ
ಭಾನುವಾರ

ಅಪ್ಪ,

ಫೋನ್ ಮಾಡಿದರೆ ಅವ್ವ ಸ್ಪೀಕರ್ ಹಾಕುತ್ತಾಳೆ, ಅದಕ್ಕೇ ಈ ಕಾಗದ. ಓದಿ ನಿನ್ನಲ್ಲೇ ಇಟ್ಟುಕೋ.

ನನಗೆ ಒಬ್ಬರ ಪರಿಚಯವಾಗಿದೆ. ಯಳಂದೂರಿನವರು. ನಾಲ್ಕು ತಿಂಗಳಾಯಿತು, ಮದುವೆಯ ಮಾತನ್ನು ಇಬ್ಬರೂ ಎತ್ತಿಲ್ಲ. ಗಟ್ಟಿಯಾಗುವವರೆಗೆ ಸುಮ್ಮನಿರೋಣ ಅಂದುಕೊಂಡಿದ್ದೆ. ಆದರೆ ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಶಾಗ್ಯದ ಚಿಕ್ಕಮ್ಮ ನಮ್ಮಿಬ್ಬರನ್ನು ನೋಡಿದಳು. ಅವಳ ಬಾಯಿಂದ ನಿನಗೆ ತಿಳಿಯುವುದು ಬೇಡ.

ಹೋದ ಸಲ, ಮೂರೇ ಬಾರಿ ಭೇಟಿಯಾಗಿದ್ದವನ ವಿಷಯ ಹೇಳಿಬಿಟ್ಟೆ. ವಾರದೊಳಗೆ ನೀನು ಅವನ ಊರಿಗೆ ಹೋಗಿ ಮನೆತನ ವಿಚಾರಿಸಿದೆ. ಅವ್ವ ಬೀದಿಯಲ್ಲೆಲ್ಲ "ಅವ್ರೇ ನಮ್ಗೆ ಬೀಗ್ರು ಕಣ್ರವ್ವಾ" ಹೇಳಿಕೊಂಡು ಬಂದಳು. ನನ್ನ ಮದುವೆಯಾಗುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ನೀನು ಮಾದಪ್ಪನಿಗೆ ಹರಕೆ ಹೊತ್ತೆ. ಅವನು ಹೆದರಿ ಹಿಂದೆ ಸರಿದ. ಎರಡು ವರ್ಷದಿಂದ ಯಾರಾದರೂ ಗಡ್ಡದ ಕಾರಣ ಕೇಳಿದರೆ ನೀನು ನನ್ನ ಕಡೆ ನೋಡುತ್ತೀಯ. ಸಾಕಾಗಿದೆ ಅಪ್ಪ.

ಈ ವಾರದೊಳಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಾ. ಆ ಹರಕೆ ಆ ಸಂಬಂಧ ನಂಬಿ ಹೊತ್ತದ್ದು, ಆ ಸಂಬಂಧವೇ ಮುಗಿಯಿತು. ಹೊಸದು ಹೊರಬೇಡ. ಯಳಂದೂರಿಗೆ ಯಾರನ್ನೂ ಕಳಿಸಬೇಡ.

ಬರುವ ಭಾನುವಾರ ನನಗೆ ರಜೆ, ಇಲ್ಲಿಗೆ ಬಾ. ನುಣ್ಣಗೆ ಬೋಳಿಸಿಕೊಂಡು ಬಂದರೆ ಅವರ ಹೆಸರು ಹೇಳುತ್ತೇನೆ. ಗಡ್ಡದಲ್ಲೇ ಬಂದರೆ, ಊಟಕ್ಕಿಟ್ಟು ವಾಪಸ್ ಊರಿಗೆ ಹನೂರಿನ ಬಸ್ ಹತ್ತಿಸುತ್ತೇನೆ.

ನಿನ್ನ ಮಗಳು,
ಶಿವಲೀಲಾ